ಸತ್ತೆವ್ವ ತಿಕ್ಕಿದ ಬೀಡಿನ ಹಂಚು

ಕೊಣ್ಣೂರಾಗ ಕಾಳಿನ ಅಡತಿ ಅಂಗಡಿ ಇದ್ದ ಜೈನರ ತವನಪ್ಪನವರ ಮನ್ಯಾಗ ಸತ್ತೆವ್ವ ಇಪ್ಪತ್ತೆರಡು ವರ್ಷ ಭಾಂಡೆ ತಿಕ್ಕಿದಾಕಿ. ಗಂಡ ಸತ್ತ ವರ್ಷ ಹಿಡಿದ ಕೆಲಸ, ಅದರ ಮ್ಯಾಲೇ ಹೊಟ್ಟಿ. ಹಿತ್ತಲದಾಗ ಬಾವಿ ಬಾಜೂ ಒಂದು ಕಲ್ಲು. ಅಕಿ ತಿಕ್ಕಿದ ಭಾಂಡೆ ಬುಟ್ಟಿಗೆ ತುಂಬಿ ಹಿಂದಿನ ಹೊಸ್ತಿಲ ಮ್ಯಾಲೆ ಇಡಬೇಕು. ಮನಿ ಹಿರ್ಯಾಳು ಜಿನ್ನವ್ವ, ತವನಪ್ಪನ ತಾಯಿ, ಬಂದು ಒಂದು ಬೊಗಸಿ ನೀರು ಚಿಮುಕಿಸಿ ಒಳಗ ಒಯ್ತಿದ್ಲು. ಸತ್ತೆವ್ವ ಅಡಗಿಮನಿಯೊಳಗ ಕಾಲಿಡೂ ಹಂಗಿರಲಿಲ್ಲ. ಸಿಟ್ಟು ಬರ್ತಿರಲಿಲ್ಲೇನು? ಬರ್ತಿತ್ತು. ಹಸದ ಹೊಟ್ಟಿ ಮುಂದ ಸಿಟ್ಟು ಯಾವ ಲೆಕ್ಕ!

ಒಂದ ಸಾಮಾನಿಗೆ ಮಾತ್ರ ನೀರು ಚಿಮುಕಸ್ತಿರಲಿಲ್ಲ. ಅದು ಜಿನ್ನವ್ವನ ಅತ್ತಿ ಕಾಲದ ಬೀಡಿನ ಹಂಚು, ಎರಕದ ಕಬ್ಬಿಣದ್ದು. ಎಣ್ಣಿ ಕುಡದು ಕುಡದು ಕರ್ರಗ ಮಿಂಚೋದು, ರೊಟ್ಟಿ ಹಾಕಿದ್ರ ಕೈ ಹಚ್ಚೂದರಾಗ ಎದ್ದು ಬರ್ತಿತ್ತು. ಸತ್ತೆವ್ವ ಅದಕ್ಕ ಸಾಬೂನು ತೋರಿಸಿದಾಕಿ ಅಲ್ಲ. ಬಿಸಿ ಇದ್ದಾಗ ಅರಿವಿಲೆ ಒರಸಿ, ಒಂದೆರಡು ಹನಿ ಕುಸುಬಿ ಎಣ್ಣಿ ಸವರಿ ಇಡಾಕಿ. ನೀರು ನಿಂತ್ರ ತುಕ್ಕು ಹಿಡಿತೈತ್ರಿ ಆಯೀ ಅಂತ ಅಕಿನ ಮೊದಲನೇ ದಿನ ಹೇಳಿದ್ಲು. "ಇರಲಿ ಬಿಡು, ಬೆಂಕಿ ಕಂಡದ್ದಕ್ಕ ಮೈಲಿಗಿ ಇಲ್ಲ" ಅಂದಿದ್ಲು ಜಿನ್ನವ್ವ. ಆ ಒಂದು ಮಾತನ್ನ ಸತ್ತೆವ್ವ ಇಪ್ಪತ್ತೆರಡು ವರ್ಷ ಬಂಗಾರದಂಗ ಕಾಯ್ದಿದ್ಲು.

ಎರಡು ಸಾವಿರದ ಏಳನೇ ಇಸ್ವಿ, ಆಷಾಢದಾಗ ಭಾಂಡೆ ತೊಳಿಯೂ ಮಶೀನ್ ಬಂತು. ಜಿನ್ನವ್ವನ ಸೊಸಿ ಮಯೂರಿ ಪುಣೆದಾಗ ಬೆಳದಾಕಿ, ಅಕಿ ತವರಮನಿಯವರು ಕಳಿಸಿದ್ರು. ಊರಿಗೆ ಊರೇ ನೋಡಾಕ ಬಂತು. ಸತ್ತೆವ್ವನೂ ಹೊಸ್ತಿಲದಾಚೆ ನಿಂತು ನೋಡಿದ್ಲು. ಬೋರಿನ ಗಡಸು ನೀರಿಗೆ ಅಂತ ಅದರ ಹೊಟ್ಟಿಗೆ ಉಪ್ಪು ಬ್ಯಾರೆ ಸುರೂತಿದ್ರು. "ಯವ್ವಾ, ಇದೂ ಈ ಮನಿ ಉಪ್ಪು ತಿಂತೈತಿ!" ಅಂತ ನಕ್ಕಳು. ಮನಸಿನ್ಯಾಗಿನ ಮಾತು ಬ್ಯಾರೆ ಇತ್ತು. ಇನ್ನ ನಾ ಯಾಕ ಬೇಕು ಇವರಿಗೆ?

"ದೊಡ್ಡ ಗುಂಡಿ, ಕೊಳಗದಂಥಾ ಭಾಂಡೆ ಅದರಾಗ ಹಿಡಿಯೂದಿಲ್ಲ, ಅವು ನಿನ್ನವ" ಅಂದ್ಲು ಜಿನ್ನವ್ವ. ಅಷ್ಟಕ್ಕ ಜೀವ ಹಿಡಕೊಂಡ್ಲು ಸತ್ತೆವ್ವ.

ಆ ಸಲ ಊರಾಗ ಮುನಿ ಮಹಾರಾಜರ ಚಾತುರ್ಮಾಸ. ದಿನಕ್ಕ ಒಂದ ಸಲ, ನಿಂತುಕೊಂಡು, ಬೊಗಸಿಯೊಳಗ ಉಣ್ಣೂ ದಿಗಂಬರ ಸ್ವಾಮಿಗಳು. ಊಟದಾಗ ಏನಾರ ಹೊಲಸು, ನೆತ್ತರು ಕಂಡ್ರ ಅದು ಅಂತರಾಯ, ಅಲ್ಲಿಗೆ ಊಟ ಬಂದ್. ಮತ್ತ ಮರುದಿನದ ತನಕ ನೀರೂ ಇಲ್ಲ. ನಮ್ಮ ಮನಿ ಬಾಗಲಕ್ಕೂ ಬರಲಿ ಅಂತ ಜಿನ್ನವ್ವ ದೇವರಿಗೆ ಹರಕಿ ಹೊತ್ತಿದ್ಲು. ಮರುದಿನ ಸ್ವಾಮಿಗಳಿಗೆ ಮಾಡೂ ಅಡಗಿಗೆ ಎಲ್ಲ ಸಾಮಾನೂ ಹೊಸದಾಗಿ ಶುದ್ಧ ಆಗಬೇಕು.

"ಆಯಿ, ಮಶೀನ್‌ಗೆ ಹಾಕೋಣ್ರಿ. ಅದರಾಗ ಯಾರ ಕೈನೂ ಹತ್ತೂದಿಲ್ಲ" ಅಂದ್ಲು ಮಯೂರಿ. ಯಾರ ಕೈ ಅಂತ ಅಕಿ ಹೇಳಲಿಲ್ಲ. ಹೇಳೂದೇನು ಬೇಕಾಗಿತ್ತು, ಕೈ ಅಲ್ಲೇ ಹೊಸ್ತಿಲದಾಚೆ ನಿಂತಿತ್ತು.

ಹೊತ್ತು ಮುಳುಗೂದರಾಗ ಎಲ್ಲಾರ ಊಟ ಮುಗದ ಮ್ಯಾಲೆ ಸ್ಟೀಲಿನ ತಾಟು, ವಾಟಗಾ ಹೋದ್ವು. ನಾನ್‌ಸ್ಟಿಕ್ ತವಾ ಹೋತು. ಕಟ್ಟಿಗಿ ಸವಟು ಹೋತು. ಕಡೀಕ ಬೀಡಿನ ಹಂಚು ಎತ್ತಿದ್ಲು ಮಯೂರಿ.

"ವೈನೀ, ಅದನ್ನ ಬ್ಯಾಡ್ರೀ" ಅಂದ್ಲು ಸತ್ತೆವ್ವ. "ಸುಡೂ ನೀರು, ಕಡಕ್ ಸಾಬೂನಿನ ಪುಡಿ, ತಾಸುಗಟ್ಲೆ ತೊಯಿತೈತಿ. ಕುಡದ ಎಣ್ಣಿ ಎಲ್ಲಾ ಕಿತ್ತು ಹೋಗಿ ತುಕ್ಕು ಹಿಡಿತೈತ್ರಿ. ಕಟ್ಟಿಗಿದೂ ಅಷ್ಟ, ಉಬ್ಬಿ ಬಿರೀತೈತಿ."

"ಕೆಲಸ ಹೋಗತೈತಿ ಅಂತ ಹೆದರಾಕತ್ತಾಳ ನೋಡ್ರಿ" ಅಂದ್ಲು ಮಯೂರಿ, ಅತ್ತಿ ಕಡೆ ತಿರುಗಿ.

ಜಿನ್ನವ್ವ ಸತ್ತೆವ್ವನ ಮಾರಿ ನೋಡಲಿಲ್ಲ. "ನಾಳೆ ಒಂದಿನ ಸುಮ್ಮನಿರವಾ" ಅಂದ್ಲು. ಮಶೀನ್ ಗುಂಯ್ ಅಂತು. ಅರ್ಧಕ್ಕ ಕರೆಂಟ್ ಹೋತು. ಬರ್ತೈತಿ ಬಿಡು ಅಂತ ಎಲ್ಲಾರೂ ಮಲಗಿದ್ರು. ನಡುರಾತ್ರಿ ಬಂದ ಕರೆಂಟು ಮಶೀನ್ ಮುಗಿಸಿತು ಖರೆ, ಬಾಗಲ ತಗದು ಆರಸವರು ಯಾರೂ ಇರಲಿಲ್ಲ. ಬೆಳತನ ಹಂಚು ಹಬಿಯೊಳಗ ಬೆವೆತುಕೋತ ಬಿದ್ದಿತ್ತು.

ಮುಂಜಾನೆ ನೋಡಿದ್ರ ಹಂಚಿನ ತುಂಬ ಕೆಂಪು ತುಕ್ಕು. ಕಟ್ಟಿಗಿ ಸವಟು ಸೊಟ್ಟಾಗಿ, ತುದಿ ಬಿರದು ಎಳಿ ಎಳಿ ಎದ್ದಿತ್ತು. ತವಾದ ಮಿಂಚು ಹೋಗಿ ಮಂಕಾಗಿತ್ತು. ಹೊತ್ತು ಇರಲಿಲ್ಲ. ಮಯೂರಿ ಸ್ಟೀಲಿನ ಪಾತೇಲಿಯೊಳಗ ಬ್ಯಾಳಿಗೆ ಅದ ಸವಟು ಇಟ್ಟು ತಿರುವಾಕ ಹತ್ತಿದ್ಲು.

"ಆ ಸವಟು ಬ್ಯಾಡ್ರೀ ವೈನೀ, ಸಿಬರು ಏಳಾಕತ್ತಾವು!" ಹಿತ್ತಲದಿಂದ ಒದರಿದ್ಲು ಸತ್ತೆವ್ವ.

"ಬಾಯಿ ಮುಚ್ಚು! ಸ್ವಾಮಿಗಳು ಓಣ್ಯಾಗ ಬಂದಾರ!" ಅಂದ್ಲು ಜಿನ್ನವ್ವ.

ಬಂದ್ರು, ಇವರ ಬಾಗಲದಾಗ ನಿಂತ್ರು. ಜಿನ್ನವ್ವನ ಕಣ್ಣಾಗ ನೀರು. ಮೂರನೇ ತುತ್ತಿಗೆ ಸ್ವಾಮಿಗಳು ತಡದ್ರು. ನಾಲಗಿಗೆ ಸಿಬರು ಚುಚ್ಚಿ ನೆತ್ತರು ಒಸರಿತ್ತು. ಬೊಗಸಿ ಬಿಚ್ಚಿದ್ರು, ಬಾಯಿ ತೊಳಕೊಂಡು ನಡದ್ರು. ಊರ ಮಂದಿ ಎದುರಿಗೆ ಜಿನ್ನವ್ವ ಅಂಗಳದಾಗ ಕುಸದು ಕುಂತ್ಲು.

ಇಂಥಾ ಹೊತ್ತಿನ್ಯಾಗ ಯಾರದಾರ ತಲಿ ಬೇಕಾಗತೈತಿ. ಮಶೀನ್‌ಗೆ ತಲಿ ಇಲ್ಲ, ಸೊಸಿ ತಲಿ ಮುಟ್ಟೂ ಹಂಗಿಲ್ಲ. "ಬಿರೀತೈತಿ, ಬಿರೀತೈತಿ ಅಂತ ಶಕುನ ನುಡದಾಕಿ ಇಕಿನ! ಉಂಡ ಮನಿಗೆ ಎರಡು ಬಗದಿ!" ಅಂದ್ಲು ಜಿನ್ನವ್ವ. ತವನಪ್ಪ ಲೆಕ್ಕ ಮುಗಿಸಿ ಕಳಿಸಿದ. ಮಯೂರಿ ತುಕ್ಕು ಹಿಡದ ಹಂಚನ್ನ ಹಿತ್ತಲಕ್ಕ ಒಗದು, "ಇದನ್ನೂ ಒಯ್ಯಿ" ಅಂದ್ಲು.

ಸತ್ತೆವ್ವ ಒಯ್ದಳು. ಇಟಂಗಿ ಪುಡಿ ಹಚ್ಚಿ ತುಕ್ಕು ಹೋಗೂತನ ತಿಕ್ಕಿದ್ಲು, ಒಲಿ ಮ್ಯಾಲೆ ಇಟ್ಟು ನೀರಿನ ಪಸಿ ಆರಿಸಿದ್ಲು, ಎಣ್ಣಿ ತೆಳ್ಳಗ ಸವರಿ ಹೊಗಿ ಏಳೂತನ ಕಾಸಿದ್ಲು. ಮತ್ತ ಸವರಿದ್ಲು, ಮತ್ತ ಕಾಸಿದ್ಲು. ಬ್ಯಾರೆ ಯಾವ ಮನ್ಯಾಗೂ ಕೆಲಸ ಸಿಗಲಿಲ್ಲ. ಸ್ವಾಮಿಗಳನ್ನ ಉಪವಾಸ ಕೆಡವಿದಾಕಿ ಅಂತ ಹೆಸರು ಹೋಗಿತ್ತಲ್ಲ! ಅಂತೂ ಹದಿನೈದು ದಿನದಾಗ ಹಂಚು ಕರ್ರಗಾತು. ರೊಟ್ಟಿ ಎದ್ದು ಬಂತು.

ದೀಪಾವಳಿ ಹೊತ್ತಿಗೆ ಜಿನ್ನವ್ವ ತಾನ ಅಕಿ ಗುಡಸಲಕ್ಕ ಬಂದ್ಲು, ಕೈಯಾಗ ಹಿತ್ತಾಳಿ ತಂಬಗಿ. ಸತ್ತೆವ್ವ ಸೆರಗು ಸಾವರಿಸಿಕೊಂಡು ಹೊರಗ ಬಂದ್ಲು. ಕರಿಯಾಕ ಬಂದಾಳ!

"ಸತ್ತೆವ್ವಾ, ನಿಂದು ತಪ್ಪಿಲ್ಲ" ಅಂದ್ಲು ಜಿನ್ನವ್ವ ಅಂಗಳದಾಗ ನಿಂತು. "ಮಶೀನ್ ಜೋಡಿ ಒಂದು ಪುಸ್ತಕ ಬಂದಿತ್ತಂತ. ಮಯೂರಿ ಈಗ ಓದಿದ್ಲು. ಕಟ್ಟಿಗಿದು, ಬೀಡಿಂದು ಹಾಕಬಾರದು ಅಂತ ಚಿತ್ರ ತಗದು ಅದರ ಮ್ಯಾಲೆ ಕಾಟು ಹೊಡದಾರ. ನಾನ್‌ಸ್ಟಿಕ್ ಸುದ್ದಾ ಕೈಲೇ ತೊಳಿರಿ ಅಂತ ಬರದಾರ. ಅದರದು ಈಗ ಪದರ ಏಳಾಕ ಹತ್ತೇತಿ. ನೀ ಹೇಳಿದ್ದ ಖರೆ."

"ಹೂಂ ಆಯೀ." ಸತ್ತೆವ್ವ ಮುಂದಿನ ಮಾತಿಗೆ ಕಾಯ್ದಳು.

"ಆ ಹಂಚು ಕೊಡವಾ. ಬ್ಯಾರೇದರ ಮ್ಯಾಲೆ ರೊಟ್ಟಿ ಏಳವಲ್ಲವು."

"ಮತ್ತ ನಾನ್ರೀ?"

ಜಿನ್ನವ್ವ ನೆಲ ನೋಡಿದ್ಲು. "ಮಂದಿ ಬಾಯಿ ಮುಚ್ಚಾಕ ಆಗೂದಿಲ್ಲವಾ. ಸ್ಟೀಲಿಂದೆಲ್ಲ ಮಶೀನ್ ತೊಳಿತೈತಿ. ಇಂಥಾವ ನಾಕು ಸಾಮಾನು ನಾನ ತಿಕ್ಕತೇನಿ."

ಸತ್ತೆವ್ವ ಒಳಗ ಹೋಗಿ ಒಲಿ ಮ್ಯಾಲಿನ ಹಂಚು ತಂದು ಅಂಗಳದ ಕಲ್ಲಿನ ಮ್ಯಾಲೆ ಇಟ್ಲು. ಜಿನ್ನವ್ವ ತಂಬಗಿ ಬಗ್ಗಿಸಿ ಅಂಗೈ ತುಂಬ ನೀರು ಚಿಮುಕಿಸಿದ್ಲು. ಚುಂಯ್ ಅಂತು.

"ನೀರು ಬ್ಯಾಡ್ರೀ ಆಯೀ, ತುಕ್ಕು ಹಿಡಿತೈತಿ!" ಬಾಯಿಂದ ತಾನಾಗೇ ಬಿತ್ತು ಮಾತು. "ಬೆಂಕಿ ಕಂಡೈತ್ರೀ ಅದು."

ಸತ್ತೆವ್ವ ಹಂಗ ಅನಕೋತ ಬಾಗಿ, ಸೆರಗಿಲೆ ಹಂಚು ಒರಸಿದ್ಲು. ಒಂದು ಹನಿ ಉಳೀದಂಗ ಒರಸಿ ಹಿಂದ ಸರದು ನಿಂತ್ಲು.

ಈಗ ಹಂಚಿಗೆ ಮತ್ತ ಅಕಿ ಕೈ ಹತ್ತಿತ್ತು. ನೀರು ಹಾಕಿದ್ರ ತುಕ್ಕು, ಬಿಟ್ರ ಮೈಲಿಗಿ. ಜಿನ್ನವ್ವ ತಂಬಗಿ ಹಿಡಕೊಂಡು ನಿಂತ ನಿಂತ್ಲು.