ನನ್ನ ಸೊಂಟ ನೇರ ಇರಲಿಲ್ಲ

ಭೋಸರಿಯ ಒಂದು ಕಾರ್ಖಾನೆಯಲ್ಲಿ ನನ್ನದು ತಪಾಸಣೆಯ ಕೆಲಸ. ಯಂತ್ರದಿಂದ ಬಂದ ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಪಕ್ಕಕ್ಕಿಡಬೇಕು. ದಿನವಿಡೀ ನಿಂತು ನಿಂತು ಮೂವತ್ತೆಂಟಕ್ಕೇ ಕಾಲುಗಳು ಮರದ ಕೊರಡಿನಂತಾಗಿದ್ದವು. ಬಗ್ಗಿದರೆ ಕೈ ಮೊಣಕಾಲಿನಿಂದ ಸ್ವಲ್ಪ ಕೆಳಗೆ ಹೋಗಿ ನಿಲ್ಲುತ್ತಿತ್ತು. ಅಂಥವಳಿಗೆ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ನೆಲಕ್ಕೆ ಕೂರುವ ಸ್ಪ್ಲಿಟ್‌ನ ಹುಚ್ಚು ಯಾಕೆ ಹಿಡಿಯಿತೋ ಹೇಳಲಾರೆ. ಶಾಲೆಯಲ್ಲಿ ಮಾಡಬೇಕೆಂದು ಬಯಸಿ ಆಗದೆ ಉಳಿದದ್ದು ಅದೊಂದೇ.

ಸದಾಶಿವ ಪೇಠದ ಹಳೆಯ ವ್ಯಾಯಾಮಶಾಲೆಯ ಮಹಡಿಯಲ್ಲಿ ದೊಡ್ಡವರಿಗೊಂದು ತರಗತಿ ಇತ್ತು. ಕಲಿಸುವವರು ಅರವತ್ತು ದಾಟಿದ ಮರಾಠಿ ಹೆಂಗಸು. ಎಲ್ಲರಿಗೂ ಅವರು ಮ್ಯಾಡಂ. ನನ್ನನ್ನು ಅಲ್ಲಿಗೆ ಕರೆದೊಯ್ದವಳು ನಮ್ಮ ಕೆಳಗಿನ ಮನೆಯ ಅಕ್ಕ. ಉಡುಪಿ ಕಡೆಯವಳು, ಗಂಡನ ಮನೆಯವರದು ಹೋಟೆಲು, ಬೆಳಗಿನಿಂದ ರಾತ್ರಿವರೆಗೆ ಗಲ್ಲಾದಲ್ಲಿ ಕೂರುವವಳು. ನನಗಿಂತ ನಾಲ್ಕು ವರ್ಷ ದೊಡ್ಡವಳಾದರೂ ಮೈ ಬಳ್ಳಿಯ ಹಾಗೆ ಬಾಗುತ್ತಿತ್ತು. ಆರು ತಿಂಗಳಲ್ಲಿ ಅವಳು ನೆಲ ಮುಟ್ಟಿದಳು. ನಾನು ಮುಟ್ಟಲಿಲ್ಲ.

ಮ್ಯಾಡಂ ಅವಸರ ಮಾಡುವವರಲ್ಲ. ವಾರಕ್ಕೆ ಮೂರು ದಿನ ಗಟ್ಟಿ ಅಭ್ಯಾಸ, ನಡುವೆ ಒಂದೊಂದು ದಿನ ಬಿಡುವು, ಬೇಕಾದರೆ ಹಗುರವಾಗಿ ಕಾಲಾಡಿಸಬಹುದು. ಮೊದಲು ಮೈ ಬಿಸಿಯಾಗಬೇಕು. ಆಮೇಲೆ ಹಿಂದಿನ ಮೊಣಕಾಲು ನೆಲಕ್ಕೂರಿ, ಬಾಲದ ಮೂಳೆ ಒಳಗೆಳೆದು, ತೊಡೆಯ ಮುಂಭಾಗ ಹಿಗ್ಗಿಸಿ ಒಂದು ನಿಮಿಷ, ಎರಡೆರಡು ಸಲ. ಮುಂದಿನ ಕಾಲು ಚಾಚಿ ತೊಡೆಯ ಹಿಂಭಾಗಕ್ಕೂ ಅಷ್ಟೇ. ನಂತರ ಎರಡು ಕೈಯಲ್ಲಿ ಐದೈದು ಕಿಲೋ ಡಂಬೆಲ್ ಹಿಡಿದು, ಬೆನ್ನು ನೇರವಿಟ್ಟು, ಸೊಂಟದಿಂದ ನಿಧಾನವಾಗಿ ಬಾಗಿ ಏಳುವುದು, ಎಂಟರಂತೆ ಮೂರು ಸಲ. ಕೊನೆಗೆ ಸ್ಪ್ಲಿಟ್. ಮುಂದಿನ ತೊಡೆಯ ಬುಡಕ್ಕೆ ಒಂದಿಂಚು ದಪ್ಪದ ಹಲಗೆಗಳನ್ನು ಪೇರಿಸಿ ಅದರ ಮೇಲೆ ಭಾರ ಬಿಡುವುದು. ಎರಡೂ ಕಾಲಿನಿಂದ ನೆಲವನ್ನು ಐದಾರು ಎಣಿಕೆಯಷ್ಟು ಒತ್ತಿ, ಸಡಿಲ ಬಿಟ್ಟು, ಇಳಿದಷ್ಟಕ್ಕೆ ಅರ್ಧ ನಿಮಿಷ ನಿಲ್ಲುವುದು.

"ಮಾಂಸದ ನಡುವೆ ಎಳೆದರೆ ಇರಲಿ," ಎನ್ನುತ್ತಿದ್ದರು ಅವರು ಮರಾಠಿಯಲ್ಲಿ. "ಕೂರುವ ಮೂಳೆ ಹತ್ತಿರ ಚುಚ್ಚಿದರೆ ಅಲ್ಲೇ ನಿಲ್ಲಿಸು. ಒಂದು ದಿನದ ಹಟಕ್ಕೆ ಆರು ತಿಂಗಳು ಕೂರಬೇಕಾಗುತ್ತದೆ."

ಎಲ್ಲಕ್ಕಿಂತ ಹೆಚ್ಚಾಗಿ ಅವರು ನೋಡುತ್ತಿದ್ದದ್ದು ಸೊಂಟವನ್ನು. ಸೊಂಟದ ಎರಡೂ ಮೂಳೆ ಎದುರಿನ ಗೋಡೆಗೆ ಮುಖ ಮಾಡಿರಬೇಕು, ಹಿಂದಿನ ಮೊಣಕಾಲಿನ ಚಿಪ್ಪು ನೆಲಕ್ಕೆ. ಹಿಂದಿನ ಕಾಲಿನ ಕಡೆಯ ಸೊಂಟ ಹೊರಳಿ ತೆರೆದುಕೊಂಡರೆ ಮೈ ಬೇಗ ಇಳಿಯುತ್ತದೆ, ಆದರೆ ಅದು ಲೆಕ್ಕಕ್ಕಿಲ್ಲ. ಹೊರಳಿದ್ದು ಮಾಡುವವರಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಜೋಡಿ. ನಾನು ಇಳಿಯುವಾಗ ಅಕ್ಕ ಎದುರು ಕುಕ್ಕರಗಾಲಲ್ಲಿ ಕೂತು ನೋಡಿ ಹೇಳಬೇಕು.

ಬಲಗಾಲು ಮುಂದಿಟ್ಟಾಗ ನಾನು ಆರು ಹಲಗೆಯಲ್ಲೇ ಸಿಕ್ಕಿಕೊಂಡೆ. ಒಂದೂವರೆ ತಿಂಗಳು ಒಂದು ಹಲಗೆಯೂ ತೆಗೆಯಲಾಗಲಿಲ್ಲ. ಅದೇ ಹೊತ್ತಿಗೆ ಮ್ಯಾಡಂ ಮಗಳ ಬಾಣಂತನಕ್ಕೆಂದು ಇಂದಾಪುರಕ್ಕೆ ಹೋದರು. ಮೂರು ತಿಂಗಳು ನಾವೇ ಬಾಗಿಲು ತೆಗೆದು ಅಭ್ಯಾಸ ಮಾಡುವುದೆಂದಾಯಿತು.

"ನನ್ನ ಕೈಲಿ ಆಗೂದಿಲ್ಲ ಅಕ್ಕಾ, ಬಿಟ್ಟಬಿಡ್ತೀನಿ," ಅಂದೆ ಒಂದು ದಿನ.

"ಬಿಡ್ಲಿಕ್ಕೆ ಎಂತ ಆಯ್ತು ಈಗ? ಇಳಿ ನೋಡುವ," ಅಂದಳು.

ಆ ದಿನ ಒಂದು ಹಲಗೆ ತೆಗೆದೆ. ಮುಂದಿನ ವಾರ ಇನ್ನೊಂದು.

"ನೇರ ಅದ ಇಲ್ಲೋ ಸರಿಯಾಗಿ ನೋಡು."

"ನೇರವೇ ಉಂಟು. ನೀನು ಉಸಿರು ಬಿಡು."

ಎರಡು ತಿಂಗಳಲ್ಲಿ ಆರೂ ಹಲಗೆ ಹೋದವು. ನೆಲ ತೊಡೆಗೆ ತಾಗಿದ ದಿನ ನಾನು ಅತ್ತೆ. ಅಕ್ಕ ನನ್ನ ಬೆನ್ನು ಸವರಿದಳು, ಹೋಟೆಲಿಗೆ ಕರೆದು ಗೋಳಿಬಜೆ ತಿನ್ನಿಸಿದಳು. ಆ ವಾರಗಳಲ್ಲಿ ಬೆನ್ನಿನ ಕೆಳಗೆ ಎಡಕ್ಕೊಂದು ನೋವು ಶುರುವಾಗಿತ್ತು. ಅವಳಿಗೆ ಹೇಳಿದೆ. "ಕಾರ್ಖಾನೆಯಲ್ಲಿ ನಿಂತದ್ದಕ್ಕೆ ಮಾರಾಯ್ತಿ," ಅಂದಳು. ನಂಬಿದೆ. ಬಿಡಿಭಾಗದ ಮೇಲೆ ಬೇರೆಯವರು ಹಾಕಿದ ಗುರುತನ್ನೂ ನಂಬದವಳು ನಾನು, ಇನ್ನೊಮ್ಮೆ ಅಳೆದೇ ಅಳೆಯುತ್ತೇನೆ. ಅಲ್ಲಿ ಮಾತ್ರ ಅಳೆಯಲಿಲ್ಲ.

ಮ್ಯಾಡಂ ತಿರುಗಿ ಬಂದ ಭಾನುವಾರ, ಹತ್ತು ಹನ್ನೆರಡು ಜನರ ಮುಂದೆ ಹೆಮ್ಮೆಯಿಂದ ಇಳಿದೆ. ಅವರು ಎದುರು ಬಂದು ನಿಂತರು. ನಗಲಿಲ್ಲ. ಬಗ್ಗಿ ನನ್ನ ಎಡ ಸೊಂಟವನ್ನು ಅಂಗೈಯಲ್ಲಿ ಹಿಡಿದು, ಬಾಗಿಲು ಮುಚ್ಚುವ ಹಾಗೆ ಮೆಲ್ಲಗೆ ಮುಂದಕ್ಕೆ ತಂದರು. ನನ್ನ ಮೈ ತಾನಾಗಿ ಮೇಲೆದ್ದಿತು. ಹಲಗೆ ತಂದು ಕೆಳಗಿಟ್ಟರು. ಒಂದೊಂದಾಗಿ ಆರು.

"ಪೂರಾ ಹೊರಳಿದೆ. ಹಿಂದಿನ ಮೊಣಕಾಲು ಪಕ್ಕದ ಗೋಡೆ ನೋಡುತ್ತಿದೆ," ಅಂದರು. "ಯಾರು ನೋಡುತ್ತಿದ್ದರು ಇವಳನ್ನು?"

ನಾನು ಅಕ್ಕನ ಕಡೆ ನೋಡಿದೆ. ತಪ್ಪಾಯಿತು, ಗೊತ್ತಾಗಲಿಲ್ಲ ಅನ್ನುತ್ತಾಳೆ ಅಂದುಕೊಂಡೆ. ಅಷ್ಟು ಅಂದಿದ್ದರೆ ಸಾಕಿತ್ತು.

ಅವಳು ಚಾಪೆಯ ಅಂಚು ಸರಿ ಮಾಡುತ್ತ ಮರಾಠಿಯಲ್ಲಿ ಅಂದಳು: "ನಾನು ಎಷ್ಟು ಸಲ ಹೇಳಿದೆ ಮ್ಯಾಡಂ. ಇವಳು ಕೇಳಬೇಕಲ್ಲ."

ಮ್ಯಾಡಂ ನನ್ನನ್ನು ನೋಡಿದರು. ಅವಸರದವಳು ಎನ್ನುವ ನೋಟ. ನನ್ನ ಕಾಲು ಇನ್ನೂ ಹಲಗೆಯ ಮೇಲೆ ಚಾಚಿಕೊಂಡೇ ಇತ್ತು.

ಮೆಟ್ಟಿಲಲ್ಲಿ ಅವಳನ್ನು ತಡೆದೆ. "ನಿನಗ ಕಾಣ್ತಿತ್ತೋ ಇಲ್ಲೋ?"

"ಕಾಣ್ತಿತ್ತು."

"ಮೊದಲ ಹಲಗಿ ತಗದಾಗಿಂದ?"

ಅವಳು ಹೌದೆಂದು ತಲೆಯಾಡಿಸಿದಳು. "ನೀನು ಬಿಡ್ತೇನೆ ಅಂದಿ. ನೀನು ಬಿಟ್ಟರೆ ನನ್ನನ್ನು ಇಲ್ಲಿಗೆ ಯಾರು ಕಳಿಸ್ತಾರೆ? ನಿನ್ನ ಜೊತೆ ಅಂತ ಅಲ್ವಾ ಮನೆಯಲ್ಲಿ ಒಪ್ಪಿದ್ದು. ವಾರಕ್ಕೆ ಮೂರು ಹೊತ್ತು ಗಲ್ಲಾದಿಂದ ಏಳ್ಲಿಕ್ಕೆ ನಂಗೆ ಬೇರೆ ಎಂತ ಉಂಟು?"

"ಅದನ್ನ ನನಗ ಹೇಳಿದ್ರ ನಾ ಸುಮ್ನ ಕುಂತಾದ್ರೂ ನಿನ್ನ ಜೋಡಿ ಬರ್ತಿದ್ನಲ್ಲ."

ಅವಳು ಚೀಲದಲ್ಲಿ ಸ್ಕೂಟರಿನ ಕೀಲಿ ಹುಡುಕತೊಡಗಿದಳು.

"ಮತ್ತ ಈಗ ಮ್ಯಾಡಂ ಮುಂದ ಅಂದಿದ್ದು?"

"ಹೆದರಿಕೆ ಆಯ್ತು," ಅಂದಳು. ಸ್ಕೂಟರ್ ಏರಿ ಹೊರಟುಹೋದಳು. ನನ್ನನ್ನು ಕರೆತಂದದ್ದೂ ಅದೇ ಸ್ಕೂಟರಿನಲ್ಲಿ. ನಾನು ರಿಕ್ಷಾ ಹಿಡಿದೆ.

ಮೊದಲ ಸುಳ್ಳಿನ ಕಾರಣ ನನಗೆ ಅರ್ಥವಾಗುತ್ತದೆ, ಇವತ್ತಿಗೂ ಅದನ್ನು ನೆನೆದರೆ ಮರುಕವೇ ಬರುತ್ತದೆ. ಮ್ಯಾಡಂ ಮುಂದೆ ಹೇಳಿದ ಎರಡನೆಯದು ಗಂಟಲಿಂದ ಇಳಿದಿಲ್ಲ. ನೋವಿದೆ ಎಂದು ನಾನು ಹೇಳಿದಾಗಲೂ ಅವಳಿಗೆ ಅದು ಎಲ್ಲಿಂದ ಬಂತೆಂದು ಗೊತ್ತಿದ್ದಿರಬೇಕು.

ಮ್ಯಾಡಂಗೆ ನಾನು ನಿಜ ಹೇಳಲಿಲ್ಲ. ಹೇಳಿದರೆ ಅವಳ ಬರುವಿಕೆ ನಿಲ್ಲುತ್ತಿತ್ತು. ಆದರೂ ಎರಡು ವಾರದಲ್ಲಿ ಅವಳೇ ನಿಲ್ಲಿಸಿದಳು. ಬೆನ್ನುನೋವು ಹೋಗುವವರೆಗೆ ಮ್ಯಾಡಂ ನನಗೆ ಸ್ಪ್ಲಿಟ್ ಮುಟ್ಟಗೊಡಲಿಲ್ಲ. ಆಮೇಲೆ ಏಳು ಹಲಗೆಯಿಂದ ಶುರು. ಹಿಂದಿನ ಕಾಲಿನ ಬೆರಳು ಮಡಚಿ ನೆಲಕ್ಕೂರಿಸಿ, ಸೊಂಟ ನೇರವಿಟ್ಟು, ಕೈಯಲ್ಲಿ ತೂಕ ಹಿಡಿದು ನಿಧಾನವಾಗಿ ಇಳಿದು ಏಳುವುದು. "ಎಂಟು ವಾರ ಅಳೆಯಬೇಡ," ಅಂದರು. ಹೊಸ ಜೋಡಿಯೊಬ್ಬಳನ್ನು ಕೊಟ್ಟರು, ಒಳ್ಳೆಯ ಹುಡುಗಿ. ಅವಳು ನೇರ ಇದೆ ಎಂದಾಗಲೂ ನಾನು ಎದುರು ಫೋನ್ ನಿಲ್ಲಿಸಿ ವಿಡಿಯೋ ಮಾಡಿಕೊಳ್ಳುತ್ತಿದ್ದೆ. ಅವಳಿಗೆ ಬೇಸರವಾಯಿತೆಂದು ಗೊತ್ತು.

ಹನ್ನೊಂದು ತಿಂಗಳು ಹಿಡಿಯಿತು. ಬಲಗಾಲಿನದು ಬಂತು, ನೇರವಾಗಿ. ಎಡಗಾಲು ಮುಂದಿಟ್ಟರೆ ಇನ್ನೂ ಎರಡು ಹಲಗೆ ಬೇಕು. ಬಲಗಾಲಿನದು ಬಂದ ದಿನ ತರಗತಿಯವರು ಚಪ್ಪಾಳೆ ತಟ್ಟಿದರು. ನಾನು ಫೋನಿನಲ್ಲಿ ಮೂರು ಸಲ ನೋಡಿದ ಮೇಲಷ್ಟೇ ನಕ್ಕೆ.

ಸಂಜೆ ಕಟ್ಟಡದ ಬಾಗಿಲಲ್ಲಿ ಅಕ್ಕ ಎದುರಾದಳು. "ಆಯ್ತಂತೆ ಅಲ್ವಾ?" ಅಂದಳು.

"ಆತು," ಅಂದೆ.

ಇನ್ನೇನೋ ಹೇಳಲು ಅವಳು ನಿಂತಳು. ನಾನು ನಿಲ್ಲಲಿಲ್ಲ.