ಎರಡು ಪುಟದ ಸ್ವಾತಂತ್ರ್ಯ

ಕಳೆದ ಭಾನುವಾರ ನಾನು ಭಾರತಕ್ಕೆ ಎರಡೇ ಪುಟದಲ್ಲಿ ಸ್ವಾತಂತ್ರ್ಯ ತಂದುಕೊಟ್ಟೆ. ಬುಧವಾರದ ಹೊತ್ತಿಗೆ ಅದು ಹದಿನೇಳು ಪುಟವಾಗಿತ್ತು. ಬ್ರಿಟಿಷರು ಹೊರಡುವ ಲಕ್ಷಣ ಮಾತ್ರ ಎಲ್ಲೂ ಕಾಣುತ್ತಿರಲಿಲ್ಲ.

ಶುರುವಾದದ್ದು ಪಕ್ಕದ ಮನೆಯ ಶ್ರೀದೇವಿಯಿಂದ. ಹತ್ತನೇ ಕ್ಲಾಸು, ಕನ್ನಡ ಮೀಡಿಯಂ. (ಹೌದು, ಹೈದರಾಬಾದಿನಲ್ಲೇ. ಇಲ್ಲಿ ಕನ್ನಡ ಶಾಲೆ ಇದೆಯಾ ಎಂದು ಕೇಳುವವರಿಗೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ.) ಪ್ರೀ-ಫೈನಲ್‌ನಲ್ಲಿ ಸೋಷಿಯಲ್ ಢಮಾರ್. ಪಬ್ಲಿಕ್ ಪರೀಕ್ಷೆಗೆ ಇನ್ನು ಹತ್ತು ದಿನವೂ ಇಲ್ಲ. ಇದೊಂದು ಸಬ್ಜೆಕ್ಟ್ ಹೋದರೆ ಹುಡುಗಿಯ ವರ್ಷವೇ ಹೋದಂತೆ. ಅವಳ ಅಪ್ಪ ಸಿಕಂದರಾಬಾದಿನಿಂದ ಡ್ಯೂಟಿ ಮುಗಿಸಿ ಬಂದವರು ಪುಸ್ತಕ ಹಿಡಿದು ನೇರ ನಮ್ಮ ಮನೆಗೇ ಬಂದರು.

"ಮೇಡಂ, ಇದನ್ನ ನಾ ಓದಿದ್ರೂ ತಿಳೀವಲ್ದು. ಒಂದೀಟು ಬಿಡಿಸಿ ಬರದು ಕೊಡ್ರಿ."

ಪುಸ್ತಕ ತೆರೆದೆ. 'ಚಳವಳಿಯು ಹಿಂತೆಗೆದುಕೊಳ್ಳಲ್ಪಟ್ಟಿತು' ಎಂದಿತ್ತು. ಯಾರು ಹಿಂತೆಗೆದುಕೊಂಡರು? ಯಾಕೆ? ಅದು ದೇವರಿಗೇ ಗೊತ್ತು. ಯಾವುದೋ ಭಾಷೆಯಿಂದ ಯಾರೋ ಅವಸರದಲ್ಲಿ ಎತ್ತಿ ಹಾಕಿದ್ದು. ಇದನ್ನು ಮಕ್ಕಳು ಬಾಯಿಪಾಠ ಮಾಡಬೇಕಂತೆ.

ಸಿಟ್ಟಿನಲ್ಲೇ ಪೆನ್ನು ಹಿಡಿದೆ. ಪ್ರತಿ ಘಟ್ಟಕ್ಕೂ ಮೂರೇ ಪ್ರಶ್ನೆ. ಜನಕ್ಕೆ ಸಿಟ್ಟು ಯಾಕೆ ಬಂತು? ಏನು ಮಾಡಿದರು? ಅದು ಯಾಕೆ ನಿಂತಿತು?

1885ರಲ್ಲಿ ಕಾಂಗ್ರೆಸ್ ಹುಟ್ಟಿತು. ಮೊದಲಿನವರು ವಕೀಲರು, ಓದಿದವರು, ಮಂದಗಾಮಿಗಳು. ಅರ್ಜಿ ಬರೆದರು, ಭಾಷಣ ಮಾಡಿದರು, ದೇಶದ ಸಂಪತ್ತು ಹೇಗೆ ಇಂಗ್ಲೆಂಡಿಗೆ ಹರಿದು ಹೋಗುತ್ತಿದೆ ಎಂದು ಲೆಕ್ಕ ತೋರಿಸಿದರು. ಸರ್ಕಾರ ಕಿವಿಗೆ ಹಾಕಿಕೊಳ್ಳಲಿಲ್ಲ. 1905ರಲ್ಲಿ ಬಂಗಾಳವನ್ನು ಎರಡು ಮಾಡಿದಾಗ ತಾಳ್ಮೆ ಮುಗಿಯಿತು. ವಿದೇಶಿ ಬಟ್ಟೆಗೆ ಬೆಂಕಿ, ಸ್ವದೇಶಿ ಅಂಗಡಿ, ತೀವ್ರಗಾಮಿಗಳ ಕಾಲ. ಎರಡು ವರ್ಷದಲ್ಲಿ ಕಾಂಗ್ರೆಸ್ಸೇ ಒಡೆಯಿತು, ನಾಯಕರು ಜೈಲು ಸೇರಿದರು, ಚಳವಳಿ ಸೊರಗಿತು.

ವಿಚಾರಣೆಯಿಲ್ಲದೆ ಜೈಲಿಗೆ ಹಾಕುವ ರೌಲಟ್ ಕಾಯಿದೆ, ಜಲಿಯನ್‌ವಾಲಾ ಬಾಗ್, ಅದರ ಬೆನ್ನಿಗೆ 1920ರ ಅಸಹಕಾರ. ಕೋರ್ಟು, ಕಾಲೇಜು, ಬಿರುದು ಎಲ್ಲ ಬಿಟ್ಟು ಬನ್ನಿ, ನಾವು ಕೈಜೋಡಿಸದಿದ್ದರೆ ಅವರ ಆಡಳಿತ ನಡೆಯುವುದಿಲ್ಲ ಎಂದರು ಗಾಂಧೀಜಿ. ಖಿಲಾಫತ್‌ನವರೂ ಜೊತೆಗಿದ್ದರು. 1922ರಲ್ಲಿ ಚೌರಿಚೌರಾದಲ್ಲಿ ಜನ ಪೊಲೀಸ್ ಠಾಣೆಗೆ ಬೆಂಕಿ ಇಟ್ಟರು, ಒಳಗಿದ್ದ ಪೊಲೀಸರು ಸತ್ತರು. ಗಾಂಧೀಜಿ ಚಳವಳಿಯನ್ನೇ ನಿಲ್ಲಿಸಿದರು.

1930ರದು ಬೇರೆ. ಅಸಹಕಾರ ಎಂದರೆ ಸರ್ಕಾರದ ಜೊತೆ ಸೇರದಿರುವುದು. ಕಾನೂನು ಭಂಗ ಎಂದರೆ ಎಲ್ಲರೆದುರು ಕಾನೂನು ಮುರಿದು, ತಾವೇ ಹೋಗಿ ಜೈಲು ಸೇರುವುದು. ಅದಕ್ಕೇ ಉಪ್ಪು, ದಂಡಿ. ಮರುವರ್ಷ ಒಪ್ಪಂದ, ಲಂಡನ್ನಿನಲ್ಲಿ ಮಾತುಕತೆ, ಫಲವಿಲ್ಲ. ಮತ್ತೆ ಚಳವಳಿ, ಮತ್ತೆ ಜೈಲು, ಸುಸ್ತು. 1942ರಲ್ಲಿ ಕ್ವಿಟ್ ಇಂಡಿಯಾ. ಬೆಳಗಾಗುವುದರೊಳಗೆ ನಾಯಕರೆಲ್ಲ ಅರೆಸ್ಟ್. ಹೇಳುವವರಿಲ್ಲದ ಜನ ತಾವೇ ತಂತಿ ಕತ್ತರಿಸಿದರು, ರೈಲು ಹಳಿ ಕಿತ್ತರು. ಸರ್ಕಾರ ಗುಂಡು ಹಾರಿಸಿ ಹತ್ತಿಕ್ಕಿತು. ಆದರೆ ಯುದ್ಧ ಮುಗಿಯುವಾಗ ಬ್ರಿಟನ್ ಬರಿಗೈಯಾಗಿತ್ತು, ಮರುವರ್ಷ ನೌಕಾಪಡೆಯ ಹುಡುಗರೇ ದಂಗೆ ಎದ್ದರು. ವಿಭಜನೆ, 1947 ಆಗಸ್ಟ್ 15, ಮುಗಿಯಿತು.

ಶ್ರೀದೇವಿ ಓದಿದಳು. "ಆಂಟಿ, ಇದು ಕಥೀ ಇದ್ದಂಗ ಐತಿ," ಎಂದಳು. ನಾನು ಉಬ್ಬಿದೆ. ಅಲ್ಲಿಗೇ ಸುಮ್ಮನಿರಬೇಕಿತ್ತು, ಅಲ್ಲವೇ? ಎಲ್ಲ ಮಕ್ಕಳಿಗೂ ಸಿಗಲಿ ಎಂದು ನಮ್ಮ ಕನ್ನಡ ಸಂಘಕ್ಕೆ ಒಯ್ದು ಕೊಟ್ಟೆ.

ಸಂಘದಲ್ಲಿ ಕುಲಕರ್ಣಿಯವರಿದ್ದರು. ಊರು ಬೆಳಗಾವಿ, ಬಿಟ್ಟು ಮೂವತ್ತು ವರ್ಷವಾದರೂ. "ಮೇಡಂ, ಬೆಳಗಾವಿ ಅಧಿವೇಶನ ಎಲ್ಲೈತ್ರಿ? ಗಾಂಧೀಜಿ ಅಧ್ಯಕ್ಷರಾಗಿದ್ದು ಅದೊಂದಕ್ಕ ರಿ."

ಬ್ಯಾಂಕಿನ ಮೂರ್ತಿಯವರು ಶಿವಮೊಗ್ಗದವರು. "ಈಸೂರು ಬಿಟ್ಟುಬಿಟ್ಟಿದ್ದೀರಲ್ಲ. ಅವರು ನಲವತ್ತೆರಡರಲ್ಲೇ ಸ್ವಾತಂತ್ರ್ಯ ಘೋಷಿಸಿಕೊಂಡೋರು."

ಎರಡೂ ನಿಜ. ಎರಡೂ ದೊಡ್ಡ ಮಾತೇ. ಹಾಗಂತ ಒಂದರ ಹಿಂದೆ ಒಂದು ಊರು ಬಂದು ಕೂತರೆ ಘಟ್ಟ ಎಲ್ಲಿ ಕಾಣುತ್ತದೆ? ನಾನು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಕಿತ್ತೂರು ಬಂತು, ಅಂಕೋಲೆ ಬಂತು. ಜಾಗ ಬೇಕಲ್ಲ, ಕುಲಕರ್ಣಿಯವರು ನನ್ನ ಮೂರನೇ ಪ್ರಶ್ನೆಯನ್ನೇ ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದರು. "ನಿಂತದ್ದು ಯಾಕ ಬರೀಬೇಕ್ರಿ? ಮಕ್ಕಳಿಗೆ ನಾವು ಸೋತಂಗ ಕಾಣಸ್ತೈತಿ."

ಸೋತದ್ದನ್ನು ಹೇಳದೆ ಮುಂದಿನ ಘಟ್ಟ ಹೇಗೆ ಹುಟ್ಟಿತು ಎಂದು ವಿವರಿಸುವುದು ಹೇಗೆ ಸ್ವಾಮಿ? ಅರ್ಜಿ ಸೋತದ್ದಕ್ಕೇ ಬಹಿಷ್ಕಾರ ಬಂತು. ಇಷ್ಟು ಸರಳ ಮಾತು ದೊಡ್ಡವರ ತಲೆಗೆ ಹೋಗದಿದ್ದರೆ ಮಕ್ಕಳನ್ನು ಯಾಕೆ ಬೈಯಬೇಕು?

ಅಧ್ಯಕ್ಷರಾದ ಪಾಟೀಲರು ಮಾತ್ರ ತುಟಿ ಎರಡು ಮಾಡಲಿಲ್ಲ. ಅವರದು ಬೀದರ್. ಬೇಗಂ ಬಜಾರಿನಲ್ಲಿ ಅಂಗಡಿ. ನಿಮ್ಮ ಊರಿನದೇನೂ ಇಲ್ಲವೇ ಎಂದು (ವ್ಯಂಗ್ಯವಾಗಿಯೇ) ಕೇಳಿದೆ. "ಬ್ಯಾಡ್ರಿ ಮೇಡಂ. ಈ ಹಾಳಿ ಝೆರಾಕ್ಸ್‌ಗೆ ಕಳಸ್ರಿ," ಎಂದು ಚಹಾ ತರಿಸಿದರು.

ಹದಿನೇಳು ಪುಟ ಹಿಡಿದು ಶ್ರೀದೇವಿ ಬಂದಳು. ಅಳುವ ಮುಖ. "ಆಂಟಿ, ಅಸಹಕಾರ ಯಾಕ ನಿಂತ್ತು ಅನ್ನೋದು ಇದರಾಗ ಇಲ್ಲ. ಪ್ರೀ-ಫೈನಲ್‌ನಾಗ ಅದನ್ನ ಕೇಳಿದ್ರು."

ಹದಿನೇಳು ಪುಟವನ್ನೂ ಹಳೇ ಪೇಪರಿನವನಿಗೆ ಹಾಕು ಎಂದೆ. ನನ್ನ ಮೂರು ಪ್ರಶ್ನೆ ಇಟ್ಟುಕೊಂಡು ನೀನೇ ಬರಿ ಎಂದೆ. ನಮ್ಮ ಜಗಲಿಯ ಮೇಲೆ ಕೂತು ಬರೆದಳು. ಒಂದೊಂದೇ ಸಾಲು ಅವಳು ಗಟ್ಟಿಯಾಗಿ ಓದುತ್ತಿದ್ದರೆ, ಅವಳ ಅಜ್ಜಿ ಮೆಂತ್ಯ ಸೋಸುತ್ತ ಕೇಳುತ್ತಿದ್ದರು. ಅಜ್ಜಿಯೂ ಬೀದರಿನವರು. ಆಗಸ್ಟ್ ಹದಿನೈದರ ಕೊನೆಯ ಸಾಲಿಗೆ ಅಜ್ಜಿಯ ಕೈ ನಿಂತಿತು.

"ಹದಿನೈದನೇ ತಾರೀಕಿಗೆ ಎಲ್ಲೀದು ಸ್ವಾತಂತ್ರ್ಯ, ಯವ್ವಾ? ನಮ್ಮ ಕಡೆ ನಿಜಾಮನ ರಾಜ್ಯ ಇತ್ತು. ನಮ್ಮಪ್ಪ ಝಂಡಾ ಹೊಲಿಸಿ ಅಕ್ಕಿ ಡಬ್ಬ್ಯಾಗ ಮುಚ್ಚಿಟ್ಟಿದ್ದ. ಯಾರರ ನೋಡ್ಯಾರಂತ ನಮ್ಮವ್ವ ಬಾಗಲಾ ಸುದ್ದಾ ತಗೀತಿದ್ದಿಲ್ಲ. ಮುಂದಿನ ವರ್ಷ ಮಿಲಿಟರಿ ಬಂದ ಮ್ಯಾಲೆ, ಸೆಪ್ಟೆಂಬರ್‌ನಾಗ ಝಂಡಾ ಹೊರಗ ತಗದ್ವಿ."

ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಹೈದರಾಬಾದಿನ ನಡುಮಧ್ಯೆ ಕೂತು ನಾವು ಬೆಳಗಾವಿ, ಈಸೂರು ಎಂದು ಕಿತ್ತಾಡಿದೆವು. ಕೂತ ನೆಲ ಆ ದಿನ ಭಾರತದಲ್ಲಿರಲಿಲ್ಲ ಎಂಬುದು ಯಾರಿಗೂ, ನನಗೂ, ಹೊಳೆಯಲಿಲ್ಲ. ಹೊಳೆದಿದ್ದರೆ ಪಾಟೀಲರೊಬ್ಬರಿಗೇ. ಸಂಜೆ ಅವರಿಗೆ ಫೋನ್ ಮಾಡಿ ಕೇಳಿದೆ. "ಗೊತ್ತೈತ್ರಿ," ಎಂದರು. "ಹಿಂದೂ-ಮುಸಲ್ಮಾನ ಎಲ್ಲಾರ ಜೋಡಿ ಇಲ್ಲೇ ವ್ಯಾಪಾರ ಮಾಡಿ ತಿನ್ನೋರು ನಾವು. ಆ ಹೊಡದಾಟದ ಮಾತು ಈಗ ಯಾಕ್ರಿ?"

ಬೈಯಬೇಕೆಂದೇ ಫೋನ್ ಮಾಡಿದ್ದವಳು ಆಯಿತು ಎಂದು ಇಟ್ಟೆ.

ಪರೀಕ್ಷೆ ಸೋಮವಾರ. ಶ್ರೀದೇವಿಯ ಪುಟ ನನ್ನ ಮುಂದಿದೆ. ಐದು ಘಟ್ಟಕ್ಕೂ ಕಾರಣ ಇದೆ, ದಾರಿ ಇದೆ, ಯಾಕೆ ನಿಂತಿತು ಎಂಬುದೂ ಇದೆ. ಕೊನೆಗೆ ಹೀಗೆ ಬರೆದಿದ್ದಾಳೆ: '1947ರ ಆಗಸ್ಟ್ 15ಕ್ಕೆ ಭಾರತಕ್ಕೆ ಸ್ವಾತಂತ್ರ್ಯ ಬಂತು. ನಮ್ಮ ಅಜ್ಜಿಗೆ ಮರುವರ್ಷ ಬಂತು.'

ಕುಲಕರ್ಣಿಯವರೇ, ಇದಕ್ಕೆ ಎಷ್ಟು ಮಾರ್ಕ್ಸ್ ಕೊಡುತ್ತೀರಿ?