ಆರಿದ ನೂಲಿನ ತೂಕ

ಇಳಕಲ್ಲಿನ ನೇಕಾರರ ಸಂಘದಲ್ಲಿ ನಾನು ಗುಮಾಸ್ತನಾಗಿದ್ದಾಗ, ಒಂದು ಬೇಸಿಗೆಯ ತಪಾಸಣೆಯಲ್ಲಿ ಹತ್ತಿ ನೂಲಿನ ತೂಕ ಪುಸ್ತಕದಲ್ಲಿದ್ದುದಕ್ಕಿಂತ ಕಡಿಮೆ ಬಂತು. ಗೋದಾಮು ನೋಡಿಕೊಳ್ಳುವ ಹಿರಿಯರ ಮುಖ ಬಿಳಿಚಿತು.

"ನೂಲೇನು ಇಲಿ ತಿಂದ್ವೇನ್ರಿ? ಪೊಲೀಸರನ್ನ ಕರಸ್ಲೇನು?" ಎಂದರು ಆಡಿಟರು.

"ನಾ ಕದ್ದಿಲ್ರಿ, ಸಾಹೇಬ್ರ!" ಎಂದು ಹಿರಿಯರು ಕೈಮುಗಿದರು.

"ಮಳಿಗಾಲದಾಗ ತೂಗಿ ತೊಗೊಂಡ ನೂಲ್ರಿ, ಈಗ ತೇವ ಆರೇತಿ. ಬಂಡಲ್ ಎಣಿಸ್ರಿ, ಸೀಲು ನೋಡ್ರಿ," ಎಂದೆ.

ಬಂಡಲ್‌ಗಳೆಲ್ಲ ಇದ್ದವು. ಯಾವ ಸೀಲೂ ಒಡೆದಿರಲಿಲ್ಲ. ಎಲ್ಲವೂ ಸರಿಸುಮಾರು ಒಂದೇ ಪ್ರಮಾಣದಲ್ಲಿ ಹಗುರಾಗಿದ್ದವು.

"ಹಂಗಾದ್ರ ನಷ್ಟ ಇವರ ಹೆಸರಿಗೆ ಹಾಕಬ್ಯಾಡ್ರಿ. ಕೊರತಿ ನಿಯಮದ ಮಿತಿಯೊಳಗೈತಿ. ಕಮಿಟಿ ಠರಾವು ಮಾಡಿ, ಒಣಗಿದ ನಷ್ಟ ಅಂತ ಖರ್ಚು ಬರ್ದು, ದಾಸ್ತಾನು ಇಳಸ್ರಿ," ಎಂದರು ಆಡಿಟರು.

ಹಿರಿಯರು ಬಂಡಲ್‌ಗಳನ್ನು ಮತ್ತೆ ಜೋಡಿಸತೊಡಗಿದರು. ಒಂದೇ ಒಂದು ಸೀಲು ಒಡೆದಿದ್ದರೆ ಅವರ ಮಾತನ್ನು ಯಾರು ನಂಬುತ್ತಿದ್ದರು?